ಹದಿಮೂರು ಹೋಳುಗಳ ವೃತ್ತ

ಗ್ರಂಥಾಲಯದ ವಾರ್ಷಿಕ ವರದಿಗೆ ಚಾರ್ಟ್‌ಗಳನ್ನು ಮಾಡಿಕೊಡುವುದು ನನ್ನ ಕೆಲಸ. ಈ ಸಲ ವರದಿ ಪ್ರಿಂಟಿಗೆ ಹೋಗುವ ಹಿಂದಿನ ದಿನ ಪೂರ್ತಿ ಒಂದೇ ಒಂದು ಪೈ ಚಾರ್ಟ್‌ಗೆ ಹೋಯಿತು. ಅದರಲ್ಲಿ ಎಷ್ಟು ಹೋಳು ಇರಬೇಕು ಅನ್ನುವುದು ತೀರ್ಮಾನ ಆಗಬೇಕಿತ್ತು.

ಲೆಕ್ಕ ಸರಳವಾಗಿತ್ತು. ವರ್ಷದಲ್ಲಿ ಓದುಗರು ಮನೆಗೆ ಒಯ್ದ ಪುಸ್ತಕಗಳನ್ನು ವಿಭಾಗವಾರು ಎಣಿಸಿದ್ದರು. ಕಥೆ-ಕಾದಂಬರಿ 31%, ಮಕ್ಕಳ ಪುಸ್ತಕ 22%. ಆಮೇಲೆ ಒಂದೇ ಸಲ ಇಳಿತ: ಇತಿಹಾಸ 9, ವಿಜ್ಞಾನ 8, ಜೀವನಚರಿತ್ರೆ 7, ಪ್ರವಾಸ 5, ಆರೋಗ್ಯ 5, ಕವಿತೆ 4, ಕಲೆ 3, ಕ್ರೀಡೆ 2, ಅಧ್ಯಾತ್ಮ 2, ಕಾನೂನು 1, ಭಾಷಾ ಕಲಿಕೆ 1. ಒಟ್ಟು ಹದಿಮೂರು ವಿಭಾಗ. ಎಕ್ಸೆಲ್‌ಗೆ ಹದಿಮೂರು ಸಾಲು ಕೊಟ್ಟರೆ ಅದು ಹದಿಮೂರು ಹೋಳು ಮಾಡಿಯೇ ಕೊಡುತ್ತದೆ. ಬೇಡ ಅನ್ನುವ ಅಭ್ಯಾಸ ಅದಕ್ಕಿಲ್ಲ.

ಹಾಗೆ ಬಂದ ಮೊದಲ ಚಾರ್ಟನ್ನು ಮುಖ್ಯ ಗ್ರಂಥಪಾಲಕಿ ಮೇಡಂ ಮೇಜಿನ ಮೇಲಿಟ್ಟು, "ಹೋಳು ಜಾಸ್ತಿ ಆಯ್ತು ಅನ್ನಿಸ್ತಿದೆ. ಆದ್ರೆ ಎಷ್ಟಿದ್ರೆ ಸರಿ? ಐದೋ ಆರೋ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಯಾಕೆ?" ಎಂದು ಕೇಳಿದರು. ನನಗೆ ಆ ಪ್ರಶ್ನೆ ತುಂಬಾ ಇಷ್ಟವಾಯಿತು. ಐದು-ಆರು ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಕಾರಣ ಹೇಳುವವರು ಕಡಿಮೆ.

ಮೊದಲು ಅಳತೆ ನೋಡೋಣ ಎಂದೆ. ನಮ್ಮ ಪುಟದಲ್ಲಿ ವೃತ್ತಕ್ಕೆ ಸಿಗುವ ಅಗಲ 8 ಸೆಂಟಿಮೀಟರ್. ಅದರ ಸುತ್ತಳತೆ ಸುಮಾರು 25 ಸೆಂಟಿಮೀಟರ್. ಅಂದರೆ 1% ಹೋಳಿಗೆ ಅಂಚಿನಲ್ಲಿ ಸಿಗುವ ಜಾಗ ಎರಡೂವರೆ ಮಿಲಿಮೀಟರ್, ಕೋನ 3.6 ಡಿಗ್ರಿ. ಒಳಗೆ ಹೋದಂತೆ ಅದೂ ಇಲ್ಲ, ಮಧ್ಯಕ್ಕೆ ಬರುವಷ್ಟರಲ್ಲಿ ಬರೀ ಗೆರೆ. ಕೊನೆಯ ನಾಲ್ಕು ವಿಭಾಗ ಸೇರಿದರೆ 6%. ಅಂಚಿನಲ್ಲಿ ಅವಕ್ಕೆಲ್ಲ ಸೇರಿ ಒಂದೂವರೆ ಸೆಂಟಿಮೀಟರ್.

ಇಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡದರಿಂದ ಚಿಕ್ಕದಕ್ಕೆ, ಹನ್ನೆರಡು ಗಂಟೆಯ ಜಾಗದಿಂದ ಶುರುಮಾಡಿ ಬಲಕ್ಕೆ ಸುತ್ತಿದರೆ, ತೀರಾ ಚಿಕ್ಕ ಹೋಳುಗಳೆಲ್ಲ ಕೊನೆಗೆ ನೆತ್ತಿಯ ಎಡಪಕ್ಕದಲ್ಲಿ ಒಟ್ಟಾಗಿ ನಿಲ್ಲುತ್ತವೆ. ಅಲ್ಲಿ ವೃತ್ತದ ಅಂಚು ಹೆಚ್ಚುಕಡಿಮೆ ಅಡ್ಡಗೆರೆಯಂತೆ ಹೋಗುತ್ತದೆ. ಹಾಗಾಗಿ ಹೆಸರುಗಳನ್ನು ಪಕ್ಕಪಕ್ಕದಲ್ಲೇ ಬರೆಯಬೇಕು. "ಭಾಷಾ ಕಲಿಕೆ 1%" ಅನ್ನುವುದಕ್ಕೇ ಎರಡು ಸೆಂಟಿಮೀಟರ್ ಬೇಕು. ಇರುವ ಒಂದೂವರೆ ಸೆಂಟಿಮೀಟರ್‌ನಲ್ಲಿ ನಾಲ್ಕು ಹೆಸರು ಹಿಡಿಸುವುದು ಹೇಗೆ? ಒಂದರ ಮೇಲೊಂದು ಬರೆಯೋಣ ಅಂದರೆ ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು ಬರುತ್ತದೆ, ಸಾಲಿನ ನಡುವೆ ಜಾಗ ಜಾಸ್ತಿ ಬೇಕು. ಗೆರೆ ಎಳೆದು ದೂರದಲ್ಲಿ ಹೆಸರು ಬರೆಯಬಹುದು. ಆದರೆ ನಾಲ್ಕು ಗೆರೆ ಒಂದೇ ಕಡೆಯಿಂದ ಹೊರಟರೆ ಯಾವ ಗೆರೆ ಯಾವ ಹೋಳಿನದು ಎಂದು ಬೆರಳಿಟ್ಟು ನೋಡಬೇಕಾಗುತ್ತದೆ.

ಬಣ್ಣದ ಸೂಚಿ ಪಕ್ಕದಲ್ಲಿ ಕೊಡುವ ದಾರಿ ನಮಗೆ ಇರಲೇ ಇಲ್ಲ. ವರದಿ ಕಪ್ಪು-ಬಿಳುಪಿನಲ್ಲಿ ಅಚ್ಚಾಗುತ್ತದೆ. ಹದಿಮೂರು ಬಗೆಯ ಬೂದು ಬಣ್ಣ ಕಾಗದದ ಮೇಲೆ ಬೇರೆ ಬೇರೆ ಕಾಣುವುದಿಲ್ಲ. ಬಣ್ಣದಲ್ಲಿ ಅಚ್ಚಾದರೂ ಕಷ್ಟವೇ. ಹೋಳು ನೋಡಿ, ಸೂಚಿಗೆ ಹೋಗಿ, ಅದೇ ಬಣ್ಣ ಹುಡುಕಿ, ಮತ್ತೆ ಹೋಳಿಗೆ ಬರುವಷ್ಟರಲ್ಲಿ ಓದುಗ ಸುಸ್ತಾಗುತ್ತಾನೆ. ಕೆಂಪು-ಹಸಿರು ಗುರುತಿಸಲು ಆಗದವರೂ ಓದುಗರಲ್ಲಿ ಇರುತ್ತಾರೆ. ಹೆಸರು ಹೋಳಿನ ಪಕ್ಕದಲ್ಲೇ ಇರಬೇಕು, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಜಾಗದ ಮಾತು ಬಿಡಿ, ದೊಡ್ಡ ಕಾಗದ ತಂದರೆ ಅದು ಮುಗಿಯುತ್ತದೆ. ಕಣ್ಣಿನ ಮಿತಿ ಹಾಗಲ್ಲ. ಅದನ್ನು ತೋರಿಸಲು ಚಾರ್ಟ್‌ನಲ್ಲಿದ್ದ ಅಂಕಿಗಳನ್ನೆಲ್ಲ ಅಳಿಸಿ ಒಂದು ಪ್ರತಿ ತೆಗೆದೆ. ಹೋಳುಗಳ ಕ್ರಮವನ್ನೂ ಬದಲಿಸಿದ್ದೆ. ಪುಸ್ತಕ ಕೊಡುವ ಕೌಂಟರಿನಲ್ಲಿದ್ದ ಸಹೋದ್ಯೋಗಿಯ ಮುಂದಿಟ್ಟು, "ಇತಿಹಾಸ, ವಿಜ್ಞಾನ, ಜೀವನಚರಿತ್ರೆ, ಈ ಮೂರರಲ್ಲಿ ಯಾವುದು ದೊಡ್ಡದು ಹೇಳಿ" ಎಂದೆ. ಅವರು ಕಾಗದ ತಿರುಗಿಸಿ ತಿರುಗಿಸಿ ನೋಡಿದರು. "ಮೂರೂ ಒಂದೇ ಅಲ್ವಾ? ಜೀವನಚರಿತ್ರೆ ಸ್ವಲ್ಪ ಜಾಸ್ತಿ ಇರಬಹುದು" ಎಂದರು. ನಿಜದಲ್ಲಿ ಅದೇ ಚಿಕ್ಕದು. ಕಥೆ-ಕಾದಂಬರಿ ಎಷ್ಟಿರಬಹುದು ಎಂದಾಗ ಮಾತ್ರ ಥಟ್ಟನೆ, "ಕಾಲು ಭಾಗಕ್ಕಿಂತ ಜಾಸ್ತಿ, ಮೂವತ್ತು ಅನ್ನಿ" ಎಂದರು.

ಪೈ ಚಾರ್ಟ್‌ನ ಶಕ್ತಿ, ಮಿತಿ ಎರಡೂ ಈ ಉತ್ತರದಲ್ಲಿವೆ. ಕಾಲು, ಅರ್ಧ, ಮುಕ್ಕಾಲು ನಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತು. ಒಂದು ಹೋಳು ಅವುಗಳಿಗಿಂತ ಜಾಸ್ತಿಯೋ ಕಡಿಮೆಯೋ ಎಂದು ಸುಲಭವಾಗಿ ಹೇಳುತ್ತೇವೆ. ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಎರಡು ಚಿಕ್ಕ ಹೋಳುಗಳನ್ನು ಹೋಲಿಸು ಅಂದರೆ ಕಣ್ಣಿಗೆ ಆಧಾರ ಸಿಗುವುದಿಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಕಂಡಿದ್ದು ಇದೇ. ಒಂದೇ ಗೆರೆಯಿಂದ ಶುರುವಾಗುವ ಉದ್ದಗಳನ್ನು ಜನ ಸರಿಯಾಗಿ ಹೋಲಿಸುತ್ತಾರೆ, ಕೋನಗಳಲ್ಲಿ ಜಾಸ್ತಿ ತಪ್ಪುತ್ತಾರೆ. ಪೈ ಚಾರ್ಟನ್ನು ಮೊದಲು ಪ್ರಕಟಿಸಿದವರು ವಿಲಿಯಂ ಪ್ಲೇಫೇರ್, 1801ರಲ್ಲಿ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಹೇಗೆ ಹಂಚಿದೆ ಎಂದು ಅದರಲ್ಲಿ ತೋರಿಸಿದ್ದರು. ಮೂರೇ ಹೋಳು.

ಹಾಗಾದರೆ ಮೂರು ಸಾಕೇ? ಅದೂ ಅಲ್ಲ. 26, 25, 25, 24 ಅಂತ ನಾಲ್ಕೇ ಹೋಳು ಇದ್ದರೂ ಆ ಚಾರ್ಟ್ ಏನನ್ನೂ ಹೇಳುವುದಿಲ್ಲ. 50, 25, 12, 8, 5 ಅಂತ ಐದಿದ್ದರೆ ಸಲೀಸಾಗಿ ಓದಬಹುದು. ಅಂದರೆ ಮಿತಿ ಬರೀ ಎಣಿಕೆಯಲ್ಲಿ ಇಲ್ಲ. ತೀರಾ ಚಿಕ್ಕ ಹೋಳು ಎಷ್ಟು ಚಿಕ್ಕದು, ಓದುಗ ಹೋಲಿಸಬೇಕಾದ ಹೋಳುಗಳ ನಡುವೆ ಎಷ್ಟು ಅಂತರ ಇದೆ, ಇವೆರಡನ್ನೂ ನೋಡಬೇಕು. ಹೋಳು ಜಾಸ್ತಿ ಆದಷ್ಟೂ ಇವೆರಡೂ ತಾವಾಗಿಯೇ ಕೆಡುತ್ತವೆ. ಯಾಕೆಂದರೆ ಹಂಚಿಕೊಳ್ಳಲು ಇರುವುದು ಅದೇ 100%. ಐದು-ಆರು ಅನ್ನುವ ಮಾತಿನ ಹಿಂದೆ ಇರುವುದು ಇಷ್ಟೇ.

ಮೇಡಂ ಸರಿ ಎಂದರು. ಈಗ ನಮ್ಮ ಹದಿಮೂರನ್ನು ಇಳಿಸಬೇಕು. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿನೋಡಿದೆವು: 5%ಗಿಂತ ಕಡಿಮೆ ಇರುವುದೆಲ್ಲ "ಇತರೆ". ಏಳು ಹೋಳು ಉಳಿದವು, ಇತರೆ ಸೇರಿ ಎಂಟು. ಆದರೆ ಇತರೆ ಕೂಡಿಸಿದಾಗ 13% ಆಯಿತು. ಇತಿಹಾಸಕ್ಕಿಂತ, ವಿಜ್ಞಾನಕ್ಕಿಂತ ದೊಡ್ಡದು. ನೋಡುವವರಿಗೆ ನಮ್ಮ ಗ್ರಂಥಾಲಯದ ಮೂರನೇ ಅತಿ ದೊಡ್ಡ ವಿಭಾಗದ ಹೆಸರು "ಇತರೆ". ಅತ್ತ 9, 8, 7ರ ಗೊಂದಲವೂ ಹಾಗೇ ಉಳಿಯಿತು. ಎಕ್ಸೆಲ್‌ನಲ್ಲಿ `Bar of Pie` ಅಂತ ಒಂದು ಇದೆ, ಚಿಕ್ಕ ಹೋಳುಗಳನ್ನು ಪಕ್ಕದಲ್ಲೊಂದು ಕಂಬವಾಗಿ ಬಿಡಿಸಿ ತೋರಿಸುತ್ತದೆ. ಅದನ್ನೂ ನೋಡಿದೆವು. ನನಗೆ ಒಪ್ಪಿಗೆಯಾಗಲಿಲ್ಲ. 13% ಅಷ್ಟೇ ಇರುವ ಭಾಗ ವೃತ್ತಕ್ಕೆ ಸರಿಸಮನಾಗಿ ಪಕ್ಕದಲ್ಲಿ ನಿಂತುಬಿಡುತ್ತದೆ.

ಆಗ ನಾನು ಮೇಡಂ ಅವರನ್ನು ಕೇಳಿದೆ, "ಈ ಪುಟ ನೋಡಿದವರು ಯಾವ ಒಂದು ವಿಷಯ ತಿಳಿದುಕೊಂಡು ಹೋಗಬೇಕು?" ಅವರು ಯೋಚಿಸಲೂ ಇಲ್ಲ. "ನಾವು ಕೊಡೋ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಥೆ ಮತ್ತೆ ಮಕ್ಕಳದು. ಹೊಸ ಪುಸ್ತಕ ಕೊಳ್ಳೋವಾಗ ಇದು ಗೊತ್ತಿರಬೇಕು."

ಅಲ್ಲಿಗೆ ಚಾರ್ಟ್‌ನ ಆಕಾರ ಸಿಕ್ಕಿತು. ಹನ್ನೆರಡು ಗಂಟೆಯಿಂದ ಕಥೆ-ಕಾದಂಬರಿ 31. ಅದಕ್ಕೆ ಅಂಟಿಕೊಂಡು ಮಕ್ಕಳ ಪುಸ್ತಕ 22. ಎರಡೂ ಸೇರಿ 53. ಎರಡನೇ ಹೋಳು ಮುಗಿಯುವುದು ಆರು ಗಂಟೆಯ ಜಾಗದಿಂದ ಸುಮಾರು 11 ಡಿಗ್ರಿ ಆಚೆಗೆ. ಅರ್ಧ ದಾಟಿದೆ ಎಂದು ಅಂಕಿ ಓದದೆಯೂ ಕಾಣುತ್ತದೆ. ವಿಭಾಗಗಳನ್ನು ಅಕಾರಾದಿಯಲ್ಲಿ ಜೋಡಿಸಿದ್ದರೆ ಈ ಎರಡು ಹೋಳು ದೂರ ದೂರ ಬಿದ್ದು ಅದೇ ಮಾತು ಕಳೆದುಹೋಗುತ್ತಿತ್ತು.

ಉಳಿದದ್ದನ್ನು ಗಾತ್ರ ನೋಡಿ ಕತ್ತರಿಸುವ ಬದಲು ಅರ್ಥ ನೋಡಿ ಕೂಡಿಸಿದೆವು. ಇತಿಹಾಸ, ಜೀವನಚರಿತ್ರೆ, ಪ್ರವಾಸ ಒಂದು ಗುಂಪು, 21%. ವಿಜ್ಞಾನ, ಆರೋಗ್ಯ ಇನ್ನೊಂದು, 13%. ಮಿಕ್ಕ ಆರು ವಿಭಾಗ ಇತರೆ, ಅದೂ 13%. ಒಟ್ಟು ಐದು ಹೋಳು. ಮಕ್ಕಳ ಪುಸ್ತಕದ 22 ಮತ್ತು ಇತಿಹಾಸದ ಗುಂಪಿನ 21 ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹೌದು. ಆದರೆ ಇಲ್ಲಿ ಅವೆರಡರಲ್ಲಿ ಯಾವುದು ದೊಡ್ಡದು ಅನ್ನುವುದು ಮುಖ್ಯವಲ್ಲ. ಬೇಕಾದವರಿಗೆ ಅಂಕಿ ಹೋಳಿನ ಮೇಲೇ ಇದೆ. ಮೊದಲ ಎರಡಕ್ಕೆ ಗಾಢ ಬೂದು, ಉಳಿದವಕ್ಕೆ ತಿಳಿ ಬೂದು, ನಡುವೆ ಬಿಳಿ ಗೆರೆ. ಇತರೆಯ ಕೆಳಗೆ ಆರು ವಿಭಾಗಗಳ ಹೆಸರನ್ನು ಚಿಕ್ಕದಾಗಿ ಬರೆದೆವು.

ಮಧ್ಯಾಹ್ನ ಕಾನೂನು ವಿಭಾಗ ನೋಡಿಕೊಳ್ಳುವ ಹಿರಿಯರು ಬಂದರು. ಚಾರ್ಟ್ ನೋಡಿ ಅವರ ಮುಖ ಸಪ್ಪಗಾಯಿತು. "ನಮ್ಮ ವಿಭಾಗ ಎಲ್ಲಿದೆ? ವರ್ಷವಿಡೀ ಕೆಲಸ ಮಾಡಿ ಇತರೆ ಅನ್ನಿಸಿಕೊಳ್ಳಬೇಕಾ?" ಅವರ ಮಾತಿನಲ್ಲಿ ನ್ಯಾಯವಿತ್ತು. ಹೋಳು ಕಡಿಮೆ ಮಾಡುವಾಗ ಯಾರದ್ದೋ ಕೆಲಸ ಕಣ್ಮರೆಯಾಗುತ್ತದೆ.

"ಸರ್, ನಿಮ್ಮ 1% ವೃತ್ತದಲ್ಲಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ" ಎಂದು ಅಳಿಸದೆ ಇಟ್ಟಿದ್ದ ಹದಿಮೂರು ಹೋಳಿನ ಪ್ರತಿ ತೋರಿಸಿದೆ. ಆಮೇಲೆ ಪುಟದ ಕೆಳಭಾಗಕ್ಕೆ ಬಾರ್ ಚಾರ್ಟ್ ಮಾಡಿದೆ. ಹದಿಮೂರೂ ವಿಭಾಗ, ಒಂದರ ಕೆಳಗೆ ಒಂದು, ಎಲ್ಲ ಪಟ್ಟಿಗಳೂ ಎಡಗಡೆ ಸೊನ್ನೆಯಿಂದ ಶುರು. 1%ಗೆ 4 ಮಿಲಿಮೀಟರ್ ಲೆಕ್ಕ ಹಿಡಿದರೆ ಕಥೆ-ಕಾದಂಬರಿಯ ಪಟ್ಟಿ 12.4 ಸೆಂಟಿಮೀಟರ್, ಪುಟದೊಳಗೆ ಹಿಡಿಸುತ್ತದೆ. ಇತಿಹಾಸ ವಿಜ್ಞಾನಕ್ಕಿಂತ 4 ಮಿಲಿಮೀಟರ್ ಉದ್ದ, ವಿಜ್ಞಾನ ಜೀವನಚರಿತ್ರೆಗಿಂತ 4 ಮಿಲಿಮೀಟರ್ ಉದ್ದ. ಕೌಂಟರಿನ ಸಹೋದ್ಯೋಗಿ ಈ ಸಲ ಅಂಕಿ ಇಲ್ಲದೆಯೇ ಕ್ರಮವಾಗಿ ಹೇಳಿದರು. ಕಾನೂನಿನ ಪಟ್ಟಿ ಚಿಕ್ಕದೇ, ಆದರೆ ಅದಕ್ಕೆ ತನ್ನದೇ ಸಾಲು, ತನ್ನದೇ ಹೆಸರು ಇದೆ. ಹಿರಿಯರು ಅದರ ಮೇಲೆ ಬೆರಳಿಟ್ಟು ನೋಡಿ, "ಇದು ಆಗಬಹುದು" ಎಂದರು.

ಬಾರ್ ಚಾರ್ಟ್ ಇಷ್ಟು ಚೆನ್ನಾಗಿದ್ದರೆ ಪೈ ಯಾಕೆ ಬೇಕು ಎಂದು ಸಹೋದ್ಯೋಗಿ ಕೇಳಿದರು. ಬಾರ್‌ನಲ್ಲಿ ಮೊದಲ ಎರಡು ಪಟ್ಟಿ ಉದ್ದ ಎಂದು ಕಾಣುತ್ತದೆ. ಅವೆರಡೂ ಸೇರಿದರೆ ಒಟ್ಟಿನ ಅರ್ಧ ದಾಟುತ್ತದೆ ಎಂದು ಕಾಣುವುದಿಲ್ಲ, ಮನಸ್ಸಿನಲ್ಲಿ ಕೂಡಿಸಬೇಕು. ವೃತ್ತದಲ್ಲಿ ಅದು ಮೊದಲ ನೋಟಕ್ಕೇ ಸಿಗುತ್ತದೆ. ಅದಕ್ಕೇ ಎರಡನ್ನೂ ಇಟ್ಟೆವು.

ಸಂಜೆ ಪುಟ ಕಳಿಸುವ ಮುಂಚೆ ಮೇಡಂ ಇನ್ನೊಂದು ಪ್ರಶ್ನೆ ಎತ್ತಿದರು. ಮುಂದಿನ ವರ್ಷ ಕವಿತೆ 4ರಿಂದ 7ಕ್ಕೆ ಏರಿದರೆ ಅದನ್ನು ಇತರೆಯಿಂದ ತೆಗೆದು ಬೇರೆ ಹೋಳು ಮಾಡಬೇಕೇ? ಬೇಡ ಎಂದೆ. ಗುಂಪು ಬದಲಾದರೆ ಎರಡು ವರ್ಷದ ವೃತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಇತರೆ ಕುಗ್ಗಿದ್ದು ಓದುಗರಿಂದಲೋ ನಮ್ಮಿಂದಲೋ ಗೊತ್ತಾಗುವುದಿಲ್ಲ. ಬದಲಿಸಲೇಬೇಕಾದರೆ ಹಿಂದಿನ ವರ್ಷದ್ದನ್ನೂ ಹೊಸ ಗುಂಪಿನಲ್ಲಿ ಮತ್ತೆ ಲೆಕ್ಕಹಾಕಿ ಎರಡನ್ನೂ ಅಚ್ಚು ಮಾಡಬೇಕು. ಅವರು ಒಪ್ಪಿದರು. ಯಾವ ವಿಭಾಗ ಯಾವ ಗುಂಪಿಗೆ ಅನ್ನುವ ಪಟ್ಟಿಯನ್ನು ಅದೇ ಎಕ್ಸೆಲ್ ಫೈಲಿನ ಎರಡನೇ ಶೀಟ್‌ನಲ್ಲಿ ಬರೆದಿಟ್ಟು, ಪುಟವನ್ನು ಪ್ರಿಂಟಿಗೆ ಕಳಿಸಿದೆವು.