20,000ದ ಕೆಲಸ, 17,000ದ ಕೆಲಸ: ಗಂಟೆಗೆ ಎಷ್ಟು ಬಿತ್ತು?

"ಅಣ್ಣಾ, ಶಿರಸಿಯಲ್ಲೇ ಎರಡು ಕಡೆ ಕರೆದಿದ್ದಾರೆ. ಒಂದು ಕಡೆ 20,000, ಇನ್ನೊಂದು ಕಡೆ 17,000. ಜಾಸ್ತಿ ಕೊಡೋ ಕಡೆಗೇ ಹೋಗ್ಲಾ?"

ಹೋಗುವ ಮೊದಲು ಎರಡೂ ಸಂಬಳವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿ ನೋಡಿ. ಜಾಹೀರಾತಿನಲ್ಲಿ ತಿಂಗಳ ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ. ಆ ಮೊತ್ತಕ್ಕೆ ಬದಲಾಗಿ ಎಷ್ಟು ಗಂಟೆ ಕೊಡಬೇಕು ಅನ್ನುವುದನ್ನು ಮಾತ್ರ ನೀವೇ ಹುಡುಕಿ ತೆಗೆಯಬೇಕು.

ನಾನು ಇಂಟರ್ನೆಟ್ ಲೈನ್ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ವಾಟ್ಸಾಪ್ ಗುಂಪುಗಳಲ್ಲಿ ಬರುವ ಜಾಹೀರಾತು ಹೆಚ್ಚು ಕಡಿಮೆ ಹೀಗಿರುತ್ತದೆ: "ಫೀಲ್ಡ್ ಟೆಕ್ನಿಷಿಯನ್ ಬೇಕಾಗಿದ್ದಾರೆ. ಸಂಬಳ 20,000. ಸೋಮವಾರದಿಂದ ಶನಿವಾರ, 9:30ರಿಂದ 6:30. ಸ್ವಂತ ಬೈಕ್, ಸ್ಮಾರ್ಟ್‌ಫೋನ್ ಕಡ್ಡಾಯ. ಅಗತ್ಯವಿದ್ದಾಗ ಹೆಚ್ಚು ಹೊತ್ತು ಕೆಲಸ ಮಾಡಲು ಸಿದ್ಧರಿರಬೇಕು. 24×7 ಸಪೋರ್ಟ್. ವಾರಕ್ಕೊಂದು ರಜೆ ಇದೆ." ಕೊನೆಯ ಸಾಲನ್ನು ಸೌಲಭ್ಯ ಅನ್ನುವ ಹಾಗೆ ಬರೆದಿರುತ್ತಾರೆ. ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಲೇಬೇಕು ಅಂತ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಕೊಡದೆ ಇರುವಂತಿಲ್ಲ, ಹಾಗಿರುವಾಗ ಇದರಲ್ಲಿ ಔದಾರ್ಯ ಏನು ಬಂತು?

ಈಗ ಲೆಕ್ಕ. ಊಟಕ್ಕೆ ಒಂದು ಗಂಟೆ ಬಿಟ್ಟರೆ ದಿನಕ್ಕೆ ಎಂಟು ಗಂಟೆ. ತಿಂಗಳಿಗೆ 26 ದಿನ, ಅಂದರೆ 208 ಗಂಟೆ. 20,000ವನ್ನು 208ರಿಂದ ಭಾಗಿಸಿದರೆ ಗಂಟೆಗೆ 96 ರೂಪಾಯಿ. ಪರವಾಗಿಲ್ಲ ಅನಿಸುತ್ತದೆ.

ಆದರೆ 6:30ಕ್ಕೆ ಯಾರೂ ಮನೆಗೆ ಹೋಗುವುದಿಲ್ಲ. ಗಿರಾಕಿಗಳು ಮನೆಗೆ ಬರುವುದೇ ಸಂಜೆ, ಟಿವಿ ಹಚ್ಚುವುದು ಆಗ, ನೆಟ್ ಇಲ್ಲ ಅಂತ ಫೋನ್ ಮಾಡುವುದೂ ಆಗ. "ಇದೊಂದು ನೋಡ್ಕೊಂಡು ಹೋಗು ಮಾರಾಯಾ" ಅನ್ನುವುದು ದಿನಾ ಇದ್ದದ್ದೇ. ದಿನಕ್ಕೆ ಒಂದೇ ಗಂಟೆ ಹಿಡಿದರೂ ತಿಂಗಳಿಗೆ 26 ಗಂಟೆ. ಮಳೆಗಾಲದಲ್ಲಿ ಇದಕ್ಕೆ ರಾತ್ರಿ ಕರೆಗಳು ಸೇರುತ್ತವೆ. ಮರ ಬಿದ್ದು ಫೈಬರ್ ತುಂಡಾಗುತ್ತದೆ. ಹೆಸ್ಕಾಂ ಕರೆಂಟ್ ಹೋಗಿ ಬಹಳ ಹೊತ್ತಾದರೆ ಲೈನ್ ಹಂಚುವ ಯಂತ್ರದ ಬ್ಯಾಟರಿ ಮುಗಿದು ಇಡೀ ಕೇರಿ ಒಮ್ಮೆಗೇ ಬಂದ್ ಆಗುತ್ತದೆ. ತಿಂಗಳಿಗೆ ಆರು ಕರೆ, ಹೋಗಿ ಬರುವುದೂ ಸೇರಿ ಕರೆಗೆ ಎರಡು ಗಂಟೆ ಅಂದುಕೊಳ್ಳಿ. 12 ಗಂಟೆ. ಒಟ್ಟು 246 ಗಂಟೆ ಆಯಿತು.

ಈಗ ಜೇಬಿನಿಂದ ಹೋಗುವುದು. "ಸ್ವಂತ ಬೈಕ್ ಕಡ್ಡಾಯ" ಅನ್ನುವ ಮೂರು ಪದಗಳ ಬೆಲೆ ಎಷ್ಟು ಅಂತ ಬಹಳ ಜನ ನೋಡುವುದೇ ಇಲ್ಲ. ಗಿರಾಕಿಗಳ ಮನೆಗಳಿಗೆ ದಿನಕ್ಕೆ 30 ಕಿಲೋಮೀಟರ್ ಓಡಾಟ ಅಂದರೆ ತಿಂಗಳಿಗೆ 780. ಲೀಟರಿಗೆ 50 ಮೈಲೇಜ್, ಪೆಟ್ರೋಲ್ 100 ರೂಪಾಯಿ ಅಂತ ಹಿಡಿದರೆ 1,560. ಆಯಿಲ್, ಟಯರ್, ಬ್ರೇಕ್‌ಗೆ ತಿಂಗಳಿಗೆ 500 ಎತ್ತಿಡಿ. ನಮ್ಮ ರಸ್ತೆಗಳಿಗೆ ಅದು ಕಡಿಮೆಯೇ. ಫೋನ್ ರೀಚಾರ್ಜ್ 300. ಎಲ್ಲ ಸೇರಿ 2,360. ಕೈಯಲ್ಲಿ ಉಳಿಯುವುದು 17,640. ಇದನ್ನು 246ರಿಂದ ಭಾಗಿಸಿದರೆ ಗಂಟೆಗೆ 72 ರೂಪಾಯಿ.

ಇನ್ನು 17,000ದ ಕೆಲಸ. ಅದು ಯಾವುದೋ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ಅಂದುಕೊಳ್ಳಿ. 10ರಿಂದ 5:30, ಊಟಕ್ಕೆ ಅರ್ಧ ಗಂಟೆ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ತಿಂಗಳಿಗೆ 24 ದಿನ, ದಿನಕ್ಕೆ ಏಳು ಗಂಟೆ, ಒಟ್ಟು 168. ಗಂಟೆಗೆ 101 ರೂಪಾಯಿ ಬಿತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜಾಸ್ತಿ ಸಂಬಳದ ಕಡೆ ನಿಜವಾಗಿ ಜಾಸ್ತಿ ಸಿಗುವುದು 640 ರೂಪಾಯಿ. ಅದಕ್ಕಾಗಿ ಜಾಸ್ತಿ ದುಡಿಯುವುದು 78 ಗಂಟೆ. ಅಂದರೆ ಆ ಹೆಚ್ಚಿನ ಒಂದೊಂದು ಗಂಟೆಗೂ ಎಂಟು ರೂಪಾಯಿ ಚಿಲ್ಲರೆ. ಆ ಎಂಟು ರೂಪಾಯಿಗೆ ಜುಲೈ ಮಳೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತುತ್ತೀರಾ?

ಇದಕ್ಕೆ ಕಾಯ್ದೆ ಏನು ಹೇಳುತ್ತದೆ ಅಂತಲೂ ಕೇಳುತ್ತಾರೆ. ಅದೇ 1961ರ ಕಾಯ್ದೆಯ ಪ್ರಕಾರ ಮಾಮೂಲಿ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಬಾರದು. ಅದರ ಮೇಲಿನದಕ್ಕೆ ಓಟಿ, ಎರಡು ಪಟ್ಟು ದರದಲ್ಲಿ. ನಮ್ಮ ಹುಡುಗ ವಾರಕ್ಕೆ ಆರು ದಿನ ಎಂಟೆಂಟು ಗಂಟೆ ಮಾಡಿದರೆ 48 ಅಲ್ಲಿಗೇ ತುಂಬಿತು. ಉಳಿದ 38 ಗಂಟೆಗೆ ಗಂಟೆಗೆ 192ರಂತೆ 7,300ರ ಹತ್ತಿರ ಬರಬೇಕಿತ್ತು. ಮತ್ತೊಂದು ಮಿತಿಯೂ ಇದೆ: ಸತತ ಮೂರು ತಿಂಗಳಲ್ಲಿ ಓಟಿ ಒಟ್ಟು 50 ಗಂಟೆ ಮೀರಬಾರದು. ದಿನಾ ಒಂದು ಗಂಟೆ ತಡವಾಗಿ ಬಿಡುವುದೊಂದೇ ಮೂರು ತಿಂಗಳಿಗೆ 78 ಗಂಟೆ ಆಗುತ್ತದೆ. ಹಾಗಾಗಿ "ಅಗತ್ಯವಿದ್ದಾಗ" ಅಂತ ಬರೆದದ್ದು ದಿನಾ ಆಗುತ್ತಿದ್ದರೆ, ಅದನ್ನು ದುಡ್ಡು ಕೊಟ್ಟು ಸರಿ ಮಾಡಲೂ ಬರುವುದಿಲ್ಲ. ಇನ್ನೊಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು.

ಇಲ್ಲೊಂದು ಕಿಂಡಿ ಇದೆ. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದಕ್ಕೇ ಕೆಲವು ಜಾಹೀರಾತಿನಲ್ಲಿ ಕಂಬ ಹತ್ತುವವನನ್ನೂ "ಏರಿಯಾ ಮ್ಯಾನೇಜರ್" ಅನ್ನುತ್ತಾರೆ ಅಂತ ನನ್ನ ಅನುಮಾನ. ಕೈಕೆಳಗೆ ಯಾರೂ ಇಲ್ಲ, ರಜೆ ಕೊಡುವ ಅಧಿಕಾರ ಇಲ್ಲ, ಹೆಸರು ಮಾತ್ರ ಮ್ಯಾನೇಜರ್. ಅಂಥ ಹೆಸರು ಕೊಟ್ಟರೆ ಖುಷಿಪಡುವ ಬದಲು ಯಾಕೆ ಕೊಡುತ್ತಿದ್ದಾರೆ ಅಂತ ಯೋಚಿಸಿ.

ಇಷ್ಟು ಹೊತ್ತು ಗಂಟೆ ಎಣಿಸಿದೆ. ಆನ್-ಕಾಲ್ ಡ್ಯೂಟಿಯ ದೊಡ್ಡ ಖರ್ಚು ಗಂಟೆಯಲ್ಲಿ ಕಾಣುವುದೇ ಇಲ್ಲ. ಫೋನ್ ಬಂದರೆ ಹೊರಡುವುದು ಒಂದು, ಬರಬಹುದು ಅಂತ ಕಾಯುವುದು ಇನ್ನೊಂದು. ಇಬ್ಬರೇ ಟೆಕ್ನಿಷಿಯನ್ ಇದ್ದರೆ ಒಂದು ವಾರ ಬಿಟ್ಟು ಒಂದು ವಾರ ನಿಮ್ಮ ಸರದಿ. ಆ ವಾರ ದೇವಿಮನೆ ಘಾಟಿ ಇಳಿದು ಕುಮಟಾದ ಮದುವೆಗೆ ಹೋಗುವ ಹಾಗಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಕೂರುವ ಹಾಗಿಲ್ಲ. ಭಾನುವಾರದ ರಜೆ ಕಾಗದದಲ್ಲಿ ಇರುತ್ತದೆ, ನೀವು ಫೋನ್ ಪಕ್ಕದಲ್ಲಿ ಇರುತ್ತೀರಿ.

ಬೆಂಗಳೂರಿನ ಐಟಿಯವರಿಗೂ ಆನ್-ಕಾಲ್ ಇದೆ. ಆದರೆ ಅವರಲ್ಲಿ ಬಹಳ ಜನ ಮನೆಯಲ್ಲೇ ಲ್ಯಾಪ್‌ಟಾಪ್ ತೆಗೆದು ಕೂರಬಹುದು. ನಮ್ಮ ಕಡೆ ತೊಂದರೆಯೇ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಗಿನ ಎಷ್ಟೋ ಊರುಗಳಲ್ಲಿ ಮನೆಯೊಳಗೆ ಸಿಗ್ನಲ್ಲೇ ಬರುವುದಿಲ್ಲ. ತೋಟಕ್ಕೆ ಇಳಿದರಂತೂ ಮುಗಿಯಿತು. ಕರೆಂಟ್ ಹೋದ ಮೇಲೆ ಟವರ್ ಕೂಡ ಕೈ ಕೊಡುತ್ತದೆ. ಅಂದರೆ ರಾತ್ರಿ ಕರೆ ಬರುವ ಸಾಧ್ಯತೆ ಹೆಚ್ಚಿರುವ ದಿನವೇ ಕರೆ ನಿಮಗೆ ತಲುಪುವ ಸಾಧ್ಯತೆ ಕಡಿಮೆ. ಮಾಲೀಕರಿಗೆ ಇದು ಗೊತ್ತು. ಸಂದರ್ಶನದಲ್ಲಿ "ಮನೆ ಎಲ್ಲಿ?" ಅಂತ ಕೇಳುವುದು ಸುಮ್ನೆ ಅಲ್ಲ. ಸೇರಿ ಒಂದೆರಡು ತಿಂಗಳಿಗೆ "ಪೇಟೆಯಲ್ಲೇ ಒಂದು ರೂಮ್ ಮಾಡ್ಕೋ" ಅನ್ನುತ್ತಾರೆ. ಬಾಡಿಗೆ 2,500 ಅಂದುಕೊಂಡರೂ ಆ 640 ರೂಪಾಯಿ ಲಾಭ ಹೋಗಿ, 17,000ದ ಕೆಲಸಕ್ಕಿಂತ 1,860 ಕಡಿಮೆ ಆಯಿತು. ಊಟದ ಖರ್ಚು ಬೇರೆ. ಮನೆಯಿಂದ ಓಡಾಡಬಹುದು ಅಂತಲೇ ಊರಲ್ಲಿ ಕೆಲಸ ಹುಡುಕಿದ್ದು ಅಲ್ವಾ?

ಹಾಗಾದರೆ ಏನು ಕೇಳಬೇಕು? "ಓಟಿ ಇರುತ್ತಾ?" ಅಂತ ಕೇಳಿದರೆ "ಅಪರೂಪಕ್ಕೆ" ಅನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಆಗಿಹೋದದ್ದನ್ನು ಕೇಳಿ. ಕೊನೆಯ ರಾತ್ರಿ ಕರೆ ಬಂದದ್ದು ಯಾವಾಗ, ಯಾರು ಹೋದರು, ಮರುದಿನ ಅವರು ಎಷ್ಟು ಗಂಟೆಗೆ ಬಂದರು? ನಿನ್ನೆ ಎಷ್ಟು ಹೊತ್ತಿಗೆ ಬಾಗಿಲು ಹಾಕಿದಿರಿ? ಸರದಿಯಲ್ಲಿ ಎಷ್ಟು ಜನ ಇದ್ದಾರೆ? ಭಾನುವಾರ ಕರೆದರೆ ಬದಲಿ ರಜೆ ಅದೇ ವಾರ ಸಿಗುತ್ತದಾ? ಇಂಥ ಪ್ರಶ್ನೆಗೆ ದಿನ, ಹೊತ್ತು, ಹೆಸರು ಹೇಳಿ ಉತ್ತರಿಸುವವರಿದ್ದಾರೆ. ಅಲ್ಲಿ ಲೆಕ್ಕ ಇಡುತ್ತಾರೆ ಅಂತ ಅರ್ಥ. "ನಮ್ಮದು ಮನೆ ಥರ, ಇಲ್ಲಿ ಗಂಟೆ ನೋಡೋದಿಲ್ಲ" ಅಂದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ. ಇನ್ನೂ ಅನುಮಾನ ಇದ್ದರೆ ಅಲ್ಲಿಯ ಹಳೆಯ ಹುಡುಗರನ್ನು ಒಂದು ಚಾಗೆ ಕರೆಯಿರಿ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಪತ್ರ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಸಣ್ಣ ಊರಿನಲ್ಲಿ ಕೇಳಲು ಸಂಕೋಚ ಆಗುತ್ತದೆ, ಮಾಲೀಕರು ಅಪ್ಪನ ಪರಿಚಯದವರೇ ಆಗಿರುತ್ತಾರೆ. ಪತ್ರ ಆಗದಿದ್ದರೆ ಸಂದರ್ಶನ ಮುಗಿದ ಸಂಜೆ ವಾಟ್ಸಾಪ್‌ನಲ್ಲಿ "ಸರ್, ನೀವು ಹೇಳಿದ ಹಾಗೆ ಸಮಯ ಇಷ್ಟು, ಪೆಟ್ರೋಲ್ ಕಿಲೋಮೀಟರಿಗೆ ಇಷ್ಟು, ರಾತ್ರಿ ಕರೆಗೆ ಇಷ್ಟು, ಸರಿ ತಾನೆ?" ಅಂತ ಒಂದು ಮೆಸೇಜ್ ಹಾಕಿ. ಅಷ್ಟಕ್ಕೆ ಯಾರೂ ಸಿಟ್ಟಾಗುವುದಿಲ್ಲ.

ಹಾಗಂತ 20,000ದ ಕೆಲಸ ಬೇಡವೇ ಬೇಡ ಅನ್ನುತ್ತಿಲ್ಲ. ಮನೆ ಪೇಟೆಯಲ್ಲೇ ಇದ್ದು, ಫೈಬರ್ ಜೋಡಿಸುವ ಕೈಕೆಲಸ ಕಲಿಯಬೇಕು ಅಂತ ಇರುವವನಿಗೆ ಮೊದಲ ವರ್ಷ ಅದು ಒಳ್ಳೆಯದೇ. ಲೆಕ್ಕ ಬರೆಯುವ ಕುರ್ಚಿಯಲ್ಲಿ ಆ ಕಲಿಕೆ ಸಿಗುವುದಿಲ್ಲ. ಆದರೆ ಮೂರು ವಿಷಯದಲ್ಲಿ ಚೌಕಾಶಿ ಮಾಡಿ. ಪೆಟ್ರೋಲ್ ಅವರದ್ದು. ಸರದಿಯ ವಾರಕ್ಕೆ, ಕರೆ ಬರಲಿ ಬಿಡಲಿ, ಒಂದು ಮೊತ್ತ. ಮತ್ತು ಗಾಳಿ ಮಳೆಯ ರಾತ್ರಿ ಕಂಬ ಹತ್ತುವುದಿಲ್ಲ, ಅದು ಬೆಳಗಿನ ಕೆಲಸ. ಮೊದಲನೆಯದಕ್ಕೆ ಬೇಗ ಒಪ್ಪುತ್ತಾರೆ. ಎರಡನೆಯದಕ್ಕೆ ಮುಖ ಗಂಟಿಕ್ಕುತ್ತಾರೆ. ಮೂರನೆಯದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ.

ಮಾತಾಡುತ್ತಿರುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ ಆಗಿದ್ದರೆ ಇನ್ನೊಂದು ಎಚ್ಚರ. ಆಗ ಮಳೆ ಇಲ್ಲ, ರಾತ್ರಿ ಕರೆ ಕಡಿಮೆ, ಹಳೆಯ ಹುಡುಗರೂ "ಅಷ್ಟೇನಿಲ್ಲ" ಅನ್ನುತ್ತಾರೆ. ಕಳೆದ ಜುಲೈನಲ್ಲಿ ಎಷ್ಟು ಕರೆ ಬಂದಿತ್ತು ಅಂತ ಕೇಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಕರೆಗೆ ಬೇರೆ ದರ ಈಗಲೇ ಮಾತಾಡಿ. ಮೇ ತಿಂಗಳಲ್ಲಿ ಕೇಳಿದರೆ "ಸೇರುವಾಗಲೇ ಹೇಳ್ಬೇಕಿತ್ತು" ಅನ್ನುತ್ತಾರೆ.