ಗನ್‌ಗೆ ಕಾಣದ ಕಾರ್ಬನ್

ಪೀಣ್ಯದ ನಮ್ಮ ಗುಜರಿ ಯಾರ್ಡಿಗೆ ಆ ದಿನ ಎರಡು ಬಗೆಯ ಮಾಲು ಬಂದಿತ್ತು. ಒಂದು, ಡೈರಿ ಘಟಕವೊಂದನ್ನು ಕಳಚಿದಾಗ ಸಿಕ್ಕ ಸ್ಟೇನ್‌ಲೆಸ್ ಪೈಪು, ಎಲ್ಬೋಗಳು. ಇನ್ನೊಂದು, ಮೆಷಿನ್ ಶಾಪ್ ಒಂದನ್ನು ಖಾಲಿ ಮಾಡುವಾಗ ಹೊರಬಿದ್ದ ರೌಂಡ್ ಬಾರ್‌ಗಳ ತುಂಡು. ಬಾರ್‌ಗಳ ತುದಿಗೆ ಹಚ್ಚಿದ್ದ ಬಣ್ಣ ಅಳಿಸಿಹೋಗಿತ್ತು, ಯಾವುದು ಯಾವ ಗ್ರೇಡ್ ಅಂತ ಹೇಳುವವರಿರಲಿಲ್ಲ.

ಪೈಪುಗಳ ಕೆಲಸ ಬೇಗ ಮುಗಿಯಿತು. ಎಲ್ಬೋಗಳಿಗೆ ಮ್ಯಾಗ್ನೆಟ್ ಸ್ವಲ್ಪ ಅಂಟುತ್ತಿತ್ತು. ಹಾಗಂತ ಅವನ್ನು ಕೀಳು ಮಾಲು ಎಂದು ಬದಿಗೆಸೆಯುವಂತಿಲ್ಲ. ತಣ್ಣಗಿರುವಾಗಲೇ ಬಗ್ಗಿಸಿದ 304 ಗ್ರೇಡಿನ ಸ್ಟೇನ್‌ಲೆಸ್‌ಗೂ ಒಂದಿಷ್ಟು ಸೆಳೆತ ಬರುತ್ತದೆ. ಮೊದಲೆಲ್ಲ ನಾವು ಒಂದು ಹನಿ ಟೆಸ್ಟಿಂಗ್ ಲಿಕ್ವಿಡ್ ಬಿಟ್ಟು, 9 ವೋಲ್ಟ್ ಬ್ಯಾಟರಿ ತಾಗಿಸಿ, ಬಣ್ಣ ನೋಡುತ್ತಿದ್ದೆವು. ಹನಿ ಕೆಂಪಾದರೆ ಮ್ಯಾಂಗನೀಸ್ ಜಾಸ್ತಿ, ಅಂದರೆ 200 ಸರಣಿಯ ಅಗ್ಗದ ಮಾಲು. ಆದರೆ ಅದೇ ಹನಿಯಿಂದ 304 ಯಾವುದು, 316 ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೆ ಮಾಲಿಬ್ಡಿನಂ ತೋರಿಸುವ ಬೇರೆಯೇ ಲಿಕ್ವಿಡ್ ಬೇಕು. ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತೋರಿಸುವ ಎಕ್ಸ್‌ಆರ್‌ಎಫ್ ಗನ್ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಅಂಕಿಯೇ ಬರುತ್ತದೆ: ಪೈಪಿನಲ್ಲಿ ಮಾಲಿಬ್ಡಿನಂ ಶೇ. 2.1, ಎಲ್ಬೋಗಳಲ್ಲಿ 0.2. ಪೈಪು 316, ಎಲ್ಬೋ 304. ಕೊಡುವವರು ಎಲ್ಲವನ್ನೂ 316 ಅಂದಿದ್ದರು.

ಬಾರ್‌ಗಳ ಕಥೆಯೇ ಬೇರೆ. ಗಟ್ಟಿ ಮಾಡಿಸಿ ಬಳಸುವ ಶಾಫ್ಟ್‌ಗೆ EN8 ಗ್ರೇಡಿನ ಉಕ್ಕು ಬೇಕೆಂದು ಒಬ್ಬರು ಆಗಲೇ ಕೇಳಿದ್ದರು. ಮೈಲ್ಡ್ ಸ್ಟೀಲ್ ಕೊಟ್ಟರೆ ಅದನ್ನು ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೂ ಬೇಕಾದಷ್ಟು ಗಟ್ಟಿಯಾಗುವುದಿಲ್ಲ, ಓಡುವಾಗ ಶಾಫ್ಟ್ ಬೇಗ ಸವೆಯುತ್ತದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಕಾರ್ಬನ್: ಮೈಲ್ಡ್ ಸ್ಟೀಲ್‌ನಲ್ಲಿ ಸಾಮಾನ್ಯವಾಗಿ ಶೇ. 0.25ಕ್ಕಿಂತ ಕಮ್ಮಿ, EN8ನಲ್ಲಿ ಶೇ. 0.4ರ ಆಸುಪಾಸು.

ತುಕ್ಕು, ಬಣ್ಣ ಉಜ್ಜಿ ತೆಗೆದು ಎಲ್ಲ ಬಾರ್‌ಗಳಿಗೂ ಗನ್ ಹಿಡಿದೆವು. ಗನ್ ಉಕ್ಕಿನ ಮೇಲ್ಪದರವನ್ನಷ್ಟೇ ನೋಡುತ್ತದೆ, ಹಾಗಾಗಿ ಉಜ್ಜದೆ ಓದಿದರೆ ಪೇಂಟಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಕೆಲವು ಬಾರ್‌ಗಳಲ್ಲಿ ನಿಕಲ್ 1.4, ಕ್ರೋಮಿಯಂ 1.1, ಜೊತೆಗೆ ತುಸು ಮಾಲಿಬ್ಡಿನಂ ಕಂಡಿತು. EN24 ಎಂಬ ಮಿಶ್ರ ಉಕ್ಕು ಎಂದು ಅವನ್ನು ಬೇರೆ ಇಟ್ಟೆವು. ಉಳಿದವೆಲ್ಲ ಒಂದೇ ಥರ: ಕಬ್ಬಿಣ ಶೇ. 98ಕ್ಕೂ ಮೇಲೆ, ಮ್ಯಾಂಗನೀಸ್ 0.7ರ ಹತ್ತಿರ. ಎರಡೂ ಗ್ರೇಡ್‌ಗಳಲ್ಲಿ ಮ್ಯಾಂಗನೀಸ್ ಇಷ್ಟೇ ಇರಬಹುದು, ಆದ್ದರಿಂದ ಅದರಿಂದ ಏನೂ ತಿಳಿಯದು. ಕಾರ್ಬನ್‌ನ ಸಾಲು ಮಾತ್ರ ಸ್ಕ್ರೀನಿನಲ್ಲಿ ಇರಲೇ ಇಲ್ಲ. ಕಾರ್ಬನ್ ಹೊರಬಿಡುವ ಎಕ್ಸ್‌ರೇ ಬಹಳ ದುರ್ಬಲ. ನಡುವಿನ ಗಾಳಿ ಮತ್ತು ಗನ್ನಿನ ಕಿಟಕಿಯ ತೆಳು ಪೊರೆಯೇ ಅದನ್ನು ನುಂಗಿಬಿಡುತ್ತವೆ. ಎಷ್ಟು ದುಬಾರಿ ಎಕ್ಸ್‌ಆರ್‌ಎಫ್ ಗನ್ ಕೊಂಡರೂ ಇದು ಬದಲಾಗುವುದಿಲ್ಲ.

ಆಗ ಮೇಸ್ತ್ರಿ ಬೆಂಚ್ ಗ್ರೈಂಡರ್ ಶುರು ಮಾಡಿದರು. "ಲೈಟ್ ಆಫ್ ಮಾಡಿ ಸಾರ್, ಬೆಳಕಲ್ಲಿ ಕಿಡಿ ಕಾಣಲ್ಲ" ಅಂದರು. ಗ್ರೇಡ್ ಗೊತ್ತಿರುವ ಎರಡು ತುಂಡನ್ನು ಅವರು ಸದಾ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ, ಒಂದು ಮೈಲ್ಡ್ ಸ್ಟೀಲ್, ಒಂದು EN8. ಮೊದಲು ಅವನ್ನು ತಾಗಿಸಿ ಕಣ್ಣಿಗೆ ಅಳತೆ ಹಿಡಿಸಿಕೊಂಡು, ಆಮೇಲೆ ಬಾರ್‌ಗಳನ್ನು ಅಷ್ಟೇ ಒತ್ತಡದಲ್ಲಿ ತಾಗಿಸಿದರು. ಮೈಲ್ಡ್ ಸ್ಟೀಲ್‌ನಿಂದ ಉದ್ದುದ್ದ ಹಳದಿ ಗೆರೆಗಳು ಹಾರುತ್ತವೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. EN8ನಲ್ಲಿ ಅದೇ ಗೆರೆ ಮಧ್ಯದಲ್ಲೇ ಸುರುಸುರುಬತ್ತಿಯ ಹಾಗೆ ಸಿಡಿದು, ಕವಲೊಡೆದ ಹೂವುಗಳು ದಟ್ಟವಾಗುತ್ತವೆ. ಬಿಸಿ ಕಣದೊಳಗಿನ ಕಾರ್ಬನ್ ಗಾಳಿಯಲ್ಲಿ ಉರಿದು ಅನಿಲವಾಗಿ ಕಣವನ್ನು ಒಡೆಯುವುದರಿಂದ ಆ ಸಿಡಿತ.

ಒಂದು ದಪ್ಪ ಬಾರ್ ಮೊದಲು ಮೈಲ್ಡ್ ಸ್ಟೀಲ್ ಥರವೇ ಕಿಡಿ ಕೊಟ್ಟಿತು. ಮೇಸ್ತ್ರಿ ಅದನ್ನು ಕೆಳಗಿಡಲಿಲ್ಲ, ಅದೇ ಜಾಗದಲ್ಲಿ ಇನ್ನೂ ಒತ್ತಿ ಹಿಡಿದರು. ನೋಡನೋಡುತ್ತಿದ್ದಂತೆ ಕಿಡಿ ಬದಲಾಯಿತು, ಹೂವುಗಳು ತುಂಬಿಕೊಂಡವು. ಬಿಸಿಯಾಗಿ ರೋಲ್ ಮಾಡುವಾಗ ಬಾರಿನ ಹೊರಮೈಯ ಕಾರ್ಬನ್ ಸುಟ್ಟುಹೋಗಿರುತ್ತದೆ. ಚರ್ಮ ನೋಡಿ ನಿರ್ಧರಿಸಿದ್ದರೆ ಆ EN8 ಮೈಲ್ಡ್ ಸ್ಟೀಲ್ ರಾಶಿಗೆ ಹೋಗುತ್ತಿತ್ತು. "ಒಳಗಿನ ಮಾಲು ಬರೋ ತನಕ ಕಾಯ್ಬೇಕು" ಎನ್ನುತ್ತಾ ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

ಎರಡೂ ರಾಶಿಯಿಂದ ಒಂದೊಂದು ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿದೆ. ಅಲ್ಲಿನ ಸ್ಪೆಕ್ಟ್ರೋಮೀಟರ್ ವಿದ್ಯುತ್ ಕಿಡಿ ಹೊಡೆದು ಕಾರ್ಬನ್ ಅಳೆಯುತ್ತದೆ. ವರದಿಯಲ್ಲಿ ಒಂದಕ್ಕೆ 0.18, ಇನ್ನೊಂದಕ್ಕೆ 0.42 ಬಂದಿತ್ತು. ಅದನ್ನು ನೋಡಿ ಮೇಸ್ತ್ರಿಯ ಬಗ್ಗೆ ನನಗಿದ್ದ ಗೌರವ ಇನ್ನೂ ಹೆಚ್ಚಾಯಿತು. ಆದರೆ 0.40 ಮತ್ತು 0.45ರ ನಡುವಿನ ಅಂತರವನ್ನು ಕಿಡಿ ಹೇಳಲಾರದು, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. EN8 ಇರಬಹುದೋ, ಕಾರ್ಬನ್ ಇನ್ನೂ ಹೆಚ್ಚಿರುವ EN9 ಇರಬಹುದೋ ಎಂದು ಅವರಿಗೆ ಅನುಮಾನ ಬಂದ ಬಾರ್‌ಗಳನ್ನು ಶಾಫ್ಟ್‌ನವರಿಗೆ ಕೊಡದೆ ಸಾಮಾನ್ಯ ಗುಜರಿ ದರಕ್ಕೆ ಕರಗಿಸಲು ಕಳಿಸಿದೆವು. ಉಳಿದ EN8 ಬಾರ್‌ಗಳ ಜೊತೆ ಲ್ಯಾಬ್ ವರದಿಯ ಪ್ರತಿಯನ್ನೂ ಇಟ್ಟು ಲೋಡ್ ಮಾಡಿಸಿದೆ.