ದರ ಬದಲಾಗಲಿ, ತೂಕ ನಿಲ್ಲಲಿ

"ಸರ್, ಮಾರ್ಚ್‌ನಲ್ಲಿ ಮಾಡಿದ ಬಜೆಟ್ ಜುಲೈ ಹೊತ್ತಿಗೆ ಹಳಸಿಹೋಗುತ್ತೆ. ಸಾಮಾನಿನ ರೇಟು ಹೀಗೆ ಏರಿಳಿಯುವಾಗ ವರ್ಷದ ಬಜೆಟ್ ಬಿಟ್ಟು, ಮೂರು ತಿಂಗಳಿಗೊಮ್ಮೆ ಮುಂದಿನ ಅವಧಿಗೆ ಹೊಸದಾಗಿ ತಿದ್ದುವ ರೋಲಿಂಗ್ ಬಜೆಟ್ ಮಾಡಿಕೊಂಡರೆ ಆಗಲ್ವಾ?"

ದರವನ್ನೂ ನಗದಿನ ಅಂದಾಜನ್ನೂ ಖಂಡಿತವಾಗಿ ಮುಂದುಮುಂದಕ್ಕೆ ತಿದ್ದುತ್ತ ಹೋಗಿ. ಆದರೆ ಒಂದು ವಸ್ತುವಿಗೆ ಎಷ್ಟು ಸಾಮಗ್ರಿ ಬೇಕು ಎಂಬ ಪ್ರಮಾಣವನ್ನು ವರ್ಷಪೂರ್ತಿ ಕದಲಿಸಬೇಡಿ. ಈ ಎರಡನ್ನೂ ಒಟ್ಟಿಗೆ ತಿದ್ದಿದ ಕಾರ್ಖಾನೆಗಳಲ್ಲಿ ನಷ್ಟ ಎಲ್ಲಿ ಸೋರುತ್ತಿದೆ ಎಂಬುದೇ ಕಾಣದೆ ಹೋದದ್ದನ್ನು ನಾನು ನೋಡಿದ್ದೇನೆ. ಅಂಥದ್ದೊಂದು ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪೀಣ್ಯದಲ್ಲಿ ಸಣ್ಣ ಮೋಟಾರು ತಯಾರಿಸುವ ಒಂದು ಘಟಕ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ತಿಂಗಳಿಗೆ 1,000 ಮೋಟಾರು. ಒಂದೊಂದಕ್ಕೂ ಸುರುಳಿ ಸುತ್ತಲು 2 ಕಿಲೋ ತಾಮ್ರದ ವೈಂಡಿಂಗ್ ತಂತಿ, ತಂತಿ ತಯಾರಿಕೆಯ ಕೂಲಿಯೂ ಸೇರಿ ಕಿಲೋಗೆ 800 ರೂಪಾಯಿ. ಮಾರಾಟದ ಬೆಲೆ 4,000. ತಾಮ್ರಕ್ಕೆ 1,600, ಉಳಿದ ಸಾಮಗ್ರಿ ಮತ್ತು ಕೂಲಿಗೆ 1,600, ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚದ ಪಾಲು 500 ಕಳೆದರೆ ಮೋಟಾರಿಗೆ 300 ರೂಪಾಯಿ ಲಾಭ. ಅಂದರೆ ತಾಮ್ರ ಕಿಲೋಗೆ 150 ರೂಪಾಯಿ ಏರಿದರೆ, ಎಂದರೆ ಶೇಕಡಾ 19ರಷ್ಟು ದುಬಾರಿಯಾದರೆ, ಲಾಭವೆಲ್ಲ ಅಲ್ಲಿಗೇ ಮುಗಿಯಿತು. ತಾಮ್ರದ ಮಟ್ಟಿಗೆ ಇದು ಅಪರೂಪದ ಏರಿಕೆಯಲ್ಲ. 2020ರ ಮಾರ್ಚ್‌ನಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಟನ್ನಿಗೆ 5,000 ಡಾಲರಿಗಿಂತ ಕೆಳಗಿದ್ದ ತಾಮ್ರ 2021ರ ಮೇ ವೇಳೆಗೆ 10,000 ಡಾಲರ್ ದಾಟಿತ್ತು. ದರ ಡಾಲರಿನಲ್ಲಿ ನಿಗದಿಯಾಗುವುದರಿಂದ ರೂಪಾಯಿ ಕುಸಿದರೂ ನಮಗೆ ಬಿಸಿ ತಟ್ಟುತ್ತದೆ.

ಈ ಘಟಕದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಲೆಕ್ಕ ಹೀಗಿತ್ತು. 3,000 ಮೋಟಾರಿಗೆ ಬಜೆಟ್ಟಿನ ಪ್ರಕಾರ 6,000 ಕಿಲೋ ತಾಮ್ರ, 48 ಲಕ್ಷ ರೂಪಾಯಿ. ನಿಜವಾಗಿ ಬಳಕೆಯಾದದ್ದು 6,300 ಕಿಲೋ, ಕೊಂಡ ದರ 900, ಒಟ್ಟು 56.70 ಲಕ್ಷ. ವಾರ್ಷಿಕ ಬಜೆಟ್ಟನ್ನು ಹಾಗೆಯೇ ಹಿಡಿದುಕೊಂಡವರ ವರದಿಯಲ್ಲಿ "ತಾಮ್ರ: 8.70 ಲಕ್ಷ ಹೆಚ್ಚು" ಎಂಬ ಒಂದೇ ಸಾಲು ಬರುತ್ತದೆ. ಅದನ್ನು ಓದಿದ ಮಾಲೀಕರು "ರೇಟು ಏರಿದೆಯಲ್ಲ, ಏನು ಮಾಡುವುದು" ಎಂದು ಹಾಳೆ ಮಗುಚುತ್ತಾರೆ. ಎರಡು ತಿಂಗಳು ಹೀಗಾದರೆ ಮೂರನೆಯ ತಿಂಗಳಿನಿಂದ ಆ ವರದಿಯನ್ನು ಯಾರೂ ತೆರೆಯುವುದಿಲ್ಲ. ವಾರ್ಷಿಕ ಬಜೆಟ್ಟಿನ ಮೇಲಿನ ದೂರು ಹುಟ್ಟುವುದು ಇಲ್ಲಿ, ಮತ್ತು ಆ ದೂರು ನ್ಯಾಯವಾದದ್ದೇ.

ಇನ್ನು ರೋಲಿಂಗ್ ಬಜೆಟ್ ಮಾಡಿದ್ದರೆ? ಜೂನ್ ಕೊನೆಯಲ್ಲಿ ಲೆಕ್ಕಿಗರು ಹೊಸ ದರವನ್ನು ಕೇಳುತ್ತಾರೆ, ಮಾರುಕಟ್ಟೆಯ ಅಂದಾಜು 880 ಎಂದು ಬರೆದುಕೊಳ್ಳುತ್ತಾರೆ. ಜೊತೆಗೆ ವೈಂಡಿಂಗ್ ವಿಭಾಗದ ಮೇಲ್ವಿಚಾರಕರನ್ನು ಕೇಳಿದಾಗ ಅವರು "ಈಗ 2.1 ಕಿಲೋ ಹಿಡಿಯುತ್ತಿದೆ" ಎನ್ನುತ್ತಾರೆ, ಅದನ್ನೂ ಬರೆದುಕೊಳ್ಳುತ್ತಾರೆ. ಆಗ ತ್ರೈಮಾಸಿಕದ ಹೊಸ ಬಜೆಟ್ 6,300 ಕಿಲೋಗೆ 880ರಂತೆ 55.44 ಲಕ್ಷವಾಗುತ್ತದೆ, ಖರ್ಚು ಅದಕ್ಕಿಂತ 1.26 ಲಕ್ಷ ಮಾತ್ರ ಹೆಚ್ಚಾಗಿ ಕಾಣುತ್ತದೆ. ವರದಿ ಅಚ್ಚುಕಟ್ಟಾಗಿದೆ. ಆದರೆ ಪ್ರತಿ ಮೋಟಾರಿಗೂ ಹೆಚ್ಚುವರಿಯಾಗಿ ಹೋದ 100 ಗ್ರಾಂ ತಾಮ್ರ ಬಜೆಟ್ಟಿನೊಳಗೆ ಸೇರಿ ನ್ಯಾಯಬದ್ಧವಾಯಿತು. ಮುಂದಿನ ತ್ರೈಮಾಸಿಕದಲ್ಲಿ ಅದು 2.15 ಆದರೂ ಪ್ರಶ್ನೆ ಏಳುವುದಿಲ್ಲ.

ಆದ್ದರಿಂದ 8.70 ಲಕ್ಷವನ್ನು ಮೂರು ಭಾಗವಾಗಿ ಒಡೆಯಬೇಕು. ಇದಕ್ಕೆ ಬೇಕಾದದ್ದು ಎರಡು: ಮಾರ್ಚ್‌ನಲ್ಲಿ ಗಟ್ಟಿ ಮಾಡಿದ 2 ಕಿಲೋ, ಮತ್ತು ಆ ತ್ರೈಮಾಸಿಕದಲ್ಲಿ ಮಾರುಕಟ್ಟೆ ನಿಜವಾಗಿ ಕೇಳಿದ ಸರಾಸರಿ ದರವಾದ 880. ಮೊದಲನೆಯದು ಮಾರುಕಟ್ಟೆಯ ಪಾಲು: 6,000 ಕಿಲೋ, ಕಿಲೋಗೆ 80 ರೂಪಾಯಿ, 4.80 ಲಕ್ಷ. ಎರಡನೆಯದು ಬಳಕೆಯ ಪಾಲು: 300 ಕಿಲೋಗೆ 880ರಂತೆ 2.64 ಲಕ್ಷ. ಮೂರನೆಯದು ಖರೀದಿಯ ಪಾಲು: ಮಾರುಕಟ್ಟೆಗಿಂತ 20 ರೂಪಾಯಿ ಹೆಚ್ಚು ಕೊಟ್ಟು ಕೊಂಡ 6,300 ಕಿಲೋಗೆ 1.26 ಲಕ್ಷ. ಮೂರೂ ಕೂಡಿದರೆ 8.70.

ಈ ಮೂರು ಮೊತ್ತಗಳು ಮೂರು ಬೇರೆ ಮೇಜುಗಳಿಗೆ ಹೋಗಬೇಕು. 4.80 ಲಕ್ಷಕ್ಕೆ ಕಾರ್ಖಾನೆಯ ಒಳಗೆ ಯಾರೂ ಹೊಣೆಯಲ್ಲ. ಅದು ದರಪಟ್ಟಿ ಬರೆಯುವವರ ಮೇಜಿನ ವಿಷಯ. ಗ್ರಾಹಕರ ಒಪ್ಪಂದದಲ್ಲಿ ಸಾಮಗ್ರಿಯ ದರ ಬದಲಾದಂತೆ ಮಾರಾಟದ ಬೆಲೆಯನ್ನೂ ಬದಲಿಸುವ ಬೆಲೆ ವ್ಯತ್ಯಾಸದ ಷರತ್ತು ಇದೆಯೇ, ಇಲ್ಲದಿದ್ದರೆ ದರಪಟ್ಟಿ ಎಷ್ಟು ದಿನ ಊರ್ಜಿತ ಎಂದು ಬರೆದಿದ್ದೇವೆಯೇ ಎಂಬುದನ್ನು ಅಲ್ಲಿ ನೋಡಬೇಕು. ವಿದ್ಯುತ್ ಉಪಕರಣಗಳ ವ್ಯವಹಾರದಲ್ಲಿ ತಯಾರಕರ ಸಂಘವಾದ ಐಇಇಎಂಎ ತಾಮ್ರ ಮೊದಲಾದವುಗಳ ಮೂಲದರವನ್ನು ಪ್ರಕಟಿಸುತ್ತದೆ, ಹಲವು ದೊಡ್ಡ ಗ್ರಾಹಕರು ಅದನ್ನು ಆಧರಿಸಿದ ಷರತ್ತನ್ನು ಒಪ್ಪುತ್ತಾರೆ. ಸಣ್ಣ ಘಟಕಗಳು ಆ ಷರತ್ತನ್ನು ಕೇಳಲು ಸಂಕೋಚಪಡಬಾರದು.

2.64 ಲಕ್ಷ ವೈಂಡಿಂಗ್ ವಿಭಾಗದ್ದು. ಹೆಚ್ಚುವರಿ 300 ಕಿಲೋ ಎಲ್ಲಿ ಹೋಯಿತೆಂದು ಪತ್ತೆ ಮಾಡಲು ನಾನು ಮೊದಲು ಕೇಳುವುದು ಗುಜರಿಯ ತೂಕದ ಪುಸ್ತಕವನ್ನು. ಈ ಘಟಕದಲ್ಲಿ ಗುಜರಿ 200 ಕಿಲೋ ಹೆಚ್ಚಾಗಿತ್ತು: ಪರೀಕ್ಷೆಯಲ್ಲಿ ಬಿದ್ದ ಸ್ಟೇಟರುಗಳ, ಅಂದರೆ ಮೋಟಾರಿನ ತಿರುಗದ ಭಾಗದ, ಸುರುಳಿಗಳನ್ನು ಬಿಚ್ಚಿ ಮತ್ತೆ ಸುತ್ತಿದ್ದರು. ಉಳಿದ 100 ಕಿಲೋ ಮೋಟಾರಿನೊಳಗೇ ಇತ್ತು. ಸುತ್ತಿದ ಹತ್ತಾರು ಸುರುಳಿಗಳನ್ನು ತೂಗಿದಾಗ, ತಂತಿಯ ದಪ್ಪ ಅನುಮತಿಸಿದ ಮಿತಿಯ ಮೇಲಿನ ಅಂಚಿನಲ್ಲೇ ಬರುತ್ತಿದೆಯೆಂದು ತಿಳಿಯಿತು. ಗುಜರಿಯಲ್ಲೂ ಇಲ್ಲ, ಸುರುಳಿಯಲ್ಲೂ ಇಲ್ಲವೆಂದಾದರೆ ಮಾತ್ರ ಗೇಟಿನ ಕಡೆ ನೋಡಬೇಕು. 2 ಕಿಲೋ ಎಂಬ ಮಾನದಂಡವನ್ನು ತಿದ್ದಿಬಿಟ್ಟಿದ್ದರೆ ಇಷ್ಟೂ ಹುಡುಕಾಟಕ್ಕೆ ಕಾರಣವೇ ಇರುತ್ತಿರಲಿಲ್ಲ.

1.26 ಲಕ್ಷದ ಕಥೆ ಬೇರೆ. ಖರೀದಿಯವರು ತಪ್ಪು ಮಾಡಿದರೆಂದು ಎಲ್ಲರೂ ಭಾವಿಸಿದ್ದರು. ವಿಚಾರಿಸಿದಾಗ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮಿತಿ ತುಂಬಿಹೋಗಿ, ತಯಾರಕರಿಂದ ಒಟ್ಟಿಗೆ ತರುವ ಬದಲು ಬಿಡಿ ವ್ಯಾಪಾರಿಯಿಂದ ಸ್ವಲ್ಪಸ್ವಲ್ಪವಾಗಿ ತಂದದ್ದು ಗೊತ್ತಾಯಿತು. ಮೊದಲು ತಿಂಗಳಿಗೆ 16 ಲಕ್ಷವಿದ್ದ ತಾಮ್ರದ ಖರ್ಚು 18.90 ಲಕ್ಷವಾಗಿತ್ತು. ತಂತಿಗೆ ಹಣ ಕೊಟ್ಟ ದಿನದಿಂದ ಗ್ರಾಹಕರ ಹಣ ಕೈಸೇರುವ ತನಕ ಅವರಲ್ಲಿ ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ತಿಂಗಳಿಗೆ 2.90ರಂತೆ 8.70 ಲಕ್ಷ ಹೆಚ್ಚುವರಿಯಾಗಿ ವ್ಯಾಪಾರದಲ್ಲಿ ಸಿಕ್ಕಿಕೊಳ್ಳುತ್ತದೆ, ಗ್ರಾಹಕರು ಹೊಸ ದರವನ್ನು ಒಪ್ಪಿದ್ದರೂ ಸಹ. ಇದನ್ನು ಮುಂಚಿತವಾಗಿ ತೋರಿಸಬಲ್ಲದ್ದು ರೋಲಿಂಗ್ ಅಂದಾಜು ಮಾತ್ರ. ಜೂನ್‌ನಲ್ಲೇ ಅದನ್ನು ಮಾಡಿದ್ದರೆ ಮಿತಿ ಹೆಚ್ಚಿಸಲು ಬ್ಯಾಂಕನ್ನು ಕೇಳಲು ಸಮಯವಿರುತ್ತಿತ್ತು.

ಅದನ್ನು ಮಾಡುವುದಕ್ಕೆ ದೊಡ್ಡ ತಂತ್ರಾಂಶ ಬೇಡ. ಪ್ರತಿ ತಿಂಗಳ ಕೊನೆಗೆ ಮುಂದಿನ ಹನ್ನೆರಡು ತಿಂಗಳ ಹಾಳೆಯೊಂದನ್ನು ತಿದ್ದಿ. ಹತ್ತಿರದ ಮೂರು ತಿಂಗಳನ್ನು ತಿಂಗಳವಾರು, ಉಳಿದವನ್ನು ತ್ರೈಮಾಸಿಕವಾಗಿ ಬರೆಯಿರಿ. ತಿದ್ದಬೇಕಾದದ್ದು ತಾಮ್ರದ ದರ, ಮೋಟಾರುಗಳ ಸಂಖ್ಯೆ, ಮಾರಾಟದ ಬೆಲೆ ಮತ್ತು ಹಣ ಬರುವ ದಿನಗಳು, ಇಷ್ಟೇ. ದರವನ್ನು ಊಹಿಸಲು ಹೋಗಬೇಡಿ. ಆರ್ಡರ್ ಕೊಟ್ಟ ಸರಕಿಗೆ ಆರ್ಡರಿನ ದರ ಹಾಕಿ. ಉಳಿದದ್ದಕ್ಕೆ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನ ಆ ದಿನದ ತಾಮ್ರದ ದರಕ್ಕೆ ನಿಮ್ಮ ತಂತಿ ತಯಾರಿಕೆಯ ಕೂಲಿ ಸೇರಿಸಿ ಬರೆಯಿರಿ. ಪ್ರತಿ ಮೋಟಾರಿಗೆ ಎಷ್ಟು ಕಿಲೋ ಎಂಬ ಪ್ರಮಾಣಕ್ಕೆ ಮಾತ್ರ ಬೀಗ ಹಾಕಿಡಿ. ಮೋಟಾರಿನ ವಿನ್ಯಾಸದ ನಕ್ಷೆಯೇ ಬದಲಾದಾಗ, ಎಂಜಿನಿಯರರ ಸಹಿಯೊಂದಿಗೆ ಅದನ್ನು ತೆರೆಯಿರಿ.

ಎಲ್ಲರಿಗೂ ಇಷ್ಟು ಶ್ರಮ ಬೇಕಿಲ್ಲ. ನಿಮ್ಮ ಮುಖ್ಯ ಸಾಮಗ್ರಿ ಎಷ್ಟು ಏರಿದರೆ ಲಾಭ ಸೊನ್ನೆಯಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಆ ಅಂಕಿ ಶೇಕಡಾ 50ಕ್ಕಿಂತ ಹೆಚ್ಚಿದ್ದರೆ ವರ್ಷದ ಬಜೆಟ್ಟನ್ನು ಅರ್ಧವರ್ಷಕ್ಕೊಮ್ಮೆ ನೋಡಿಕೊಂಡರೆ ಸಾಕೆಂಬುದು ನನ್ನ ಅಭಿಪ್ರಾಯ. ಈ ಮೋಟಾರು ಘಟಕದಂತೆ 20ರ ಆಸುಪಾಸಿನಲ್ಲಿದ್ದರೆ ತಿಂಗಳ ಹಾಳೆಯನ್ನು ಮುಂದಿನ ತಿಂಗಳಿನಿಂದಲೇ ಶುರುಮಾಡಿ.